ಮೂರನೇ ವರ್ಷದ ಪ್ಯಾರಾಚೂಟ್

ಬೆಂಗಳೂರಿನಲ್ಲಿ ಕುಳಿತು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್‌ಗಳ ಕ್ಯಾಶ್ ಫ್ಲೋ ಮಾಡೆಲ್ ಕಟ್ಟುವುದು ನನ್ನ ಕೆಲಸ. ಕ್ಲಬ್‌ಗೆ ಸಾಲ ಕೊಡುವವರಿಗೆ ನಮ್ಮ ವರದಿ ಹೋಗುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಸಂಜೆಯ ಕಾಲ್‌ನಲ್ಲಿ ನಾನು ಮಾಡಿದ ತಪ್ಪು ಬಯಲಾಯಿತು. ಆ ನಾಲ್ಕೈದು ನಿಮಿಷಗಳನ್ನು ನೆನೆದರೆ ಇವತ್ತಿಗೂ ಮೈ ಬಿಸಿಯಾಗುತ್ತದೆ.

ಆ ಕ್ಲಬ್ ಇಂಗ್ಲೆಂಡಿನ ಅತಿ ಮೇಲಿನ ಪ್ರೀಮಿಯರ್ ಲೀಗ್‌ನಿಂದ ಅದರ ಕೆಳಗಿನ ಲೀಗ್ ಆದ ಚಾಂಪಿಯನ್‌ಷಿಪ್‌ಗೆ ಇಳಿದಿತ್ತು. ಅದರ ಹೆಸರನ್ನೂ ಅಂಕಿಗಳನ್ನೂ ಹೇಳುವಂತಿಲ್ಲ. ಆದ್ದರಿಂದ ಪ್ರಕಟವಾಗಿರುವ 2018-19ರ ಲೆಕ್ಕವನ್ನೇ ಇಟ್ಟುಕೊಂಡು ಹೇಳುತ್ತೇನೆ. ಸೂತ್ರ ಅದೇ.

ಪ್ರೀಮಿಯರ್ ಲೀಗ್ ತನ್ನ ಪ್ರಸಾರ ಹಕ್ಕುಗಳನ್ನು ಒಟ್ಟಾಗಿ ಮಾರಿ ಹಣವನ್ನು ಹಂಚುತ್ತದೆ. ಬ್ರಿಟನ್ ಒಳಗಿನ ಹಕ್ಕಿನ ಹಣದಲ್ಲಿ ಅರ್ಧ ಭಾಗ ಇಪ್ಪತ್ತೂ ಕ್ಲಬ್‌ಗಳಿಗೆ ಸಮಪಾಲು, ಕಾಲು ಭಾಗ ಪಟ್ಟಿಯಲ್ಲಿ ಗಳಿಸಿದ ಸ್ಥಾನಕ್ಕೆ, ಇನ್ನೊಂದು ಕಾಲು ಭಾಗ ಎಷ್ಟು ಪಂದ್ಯ ನೇರಪ್ರಸಾರವಾಯಿತು ಎಂಬುದಕ್ಕೆ. ವಿದೇಶಿ ಹಕ್ಕಿನ ಹಣ ಆ ವರ್ಷದವರೆಗೆ ಪೂರ್ತಿ ಸಮಪಾಲಾಗಿತ್ತು. ಆ ಋತುವಿನಲ್ಲಿ ಕೊನೆಯ ಸ್ಥಾನದಲ್ಲಿದ್ದ ಹಡರ್ಸ್‌ಫೀಲ್ಡ್‌ಗೆ 9.66 ಕೋಟಿ ಪೌಂಡ್ ಬಂತು, ಲಿವರ್‌ಪೂಲ್‌ಗೆ 15.24 ಕೋಟಿ. ಚಾಂಪಿಯನ್ ಆದ ಮ್ಯಾಂಚೆಸ್ಟರ್ ಸಿಟಿಗಿಂತಲೂ ಲಿವರ್‌ಪೂಲ್‌ಗೆ ಹೆಚ್ಚು, ಏಕೆಂದರೆ ಅದರ ಪಂದ್ಯಗಳನ್ನು ಟಿ.ವಿ. ಹೆಚ್ಚು ಬಾರಿ ತೋರಿಸಿತ್ತು. ಅಂದರೆ ಮೇಲಿನವರಿಗೂ ಕೆಳಗಿನವರಿಗೂ ಅಂತರ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು, ಅಷ್ಟೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಈ ಅಂಕಿಯನ್ನು ನೋಡಿ, ಇದು ನ್ಯಾಯವಾದ ಹಂಚಿಕೆ ಎಂದುಕೊಂಡಿದ್ದೆ. ನೋಡಬೇಕಾದ ಅಂತರ ಲೀಗಿನ ಒಳಗಿರಲಿಲ್ಲ, ಅದರ ಹೊಸ್ತಿಲಿನ ಕೆಳಗಿತ್ತು.

ಹೊಸ್ತಿಲು ದಾಟಿ ಕೆಳಗಿಳಿದ ಕ್ಲಬ್‌ಗೆ, ಬಿದ್ದ ಪೆಟ್ಟು ತಗ್ಗಲೆಂದು, ಪ್ರೀಮಿಯರ್ ಲೀಗ್‌ನಿಂದ ಪ್ಯಾರಾಚೂಟ್ ಹಣ ಸಿಗುತ್ತದೆ. ಮೊದಲ ವರ್ಷ ಸಮಪಾಲಿನ ಮೊತ್ತದ ಶೇ 55, ಎರಡನೇ ವರ್ಷ ಶೇ 45, ಮೂರನೇ ವರ್ಷ ಶೇ 20. 2018-19ರಲ್ಲಿ ದೇಶೀಯ ಸಮಪಾಲು 3.44 ಕೋಟಿ, ವಿದೇಶಿ ಪಾಲು 4.32 ಕೋಟಿ, ಕೂಡಿದರೆ 7.76 ಕೋಟಿ ಪೌಂಡ್. ಇದರ ಮೇಲೆ ಲೆಕ್ಕ ಹಾಕಿದರೆ ಮೊದಲ ವರ್ಷ 4.27 ಕೋಟಿ, ಆಮೇಲೆ 3.49 ಕೋಟಿ, ಕೊನೆಗೆ 1.55 ಕೋಟಿ. ಪ್ಯಾರಾಚೂಟ್ ಇಲ್ಲದ ಚಾಂಪಿಯನ್‌ಷಿಪ್ ಕ್ಲಬ್‌ಗೆ ಮೇಲಿನ ಲೀಗಿನಿಂದ ಸಿಗುವ ಸಹಾಯಧನ, ಆ ಮೂರನೇ ವರ್ಷದ ಮೊತ್ತದ ಶೇ 30 ಮಾತ್ರ. ಅಂದರೆ ಸುಮಾರು 46 ಲಕ್ಷ ಪೌಂಡ್. ಇನ್ನೂ ಒಂದು ಮೆಟ್ಟಿಲು ಕೆಳಗಿನ ಲೀಗ್ ಒನ್‌ನಲ್ಲಿ ಅದು ಶೇ 4.5, ಸುಮಾರು 7 ಲಕ್ಷ. ಒಂದೇ ಚಾಂಪಿಯನ್‌ಷಿಪ್‌ನಲ್ಲಿ ಒಬ್ಬನ ಕೈಯಲ್ಲಿ ನಾಲ್ಕು ಕೋಟಿ, ಪಕ್ಕದವನ ಕೈಯಲ್ಲಿ ಅರ್ಧ ಕೋಟಿಗೂ ಕಡಿಮೆ.

ನಮ್ಮ ಟೆಂಪ್ಲೇಟಿನ ಅಸಂಪ್ಷನ್ ಶೀಟಿನಲ್ಲಿ "ಪ್ಯಾರಾಚೂಟ್ ವರ್ಷಗಳು" ಎಂಬ ಸಾಲಿದೆ. ಹಿಂದಿನ ಕ್ಲೈಂಟ್‌ನ ಫೈಲಿನಿಂದ ಬಂದ 3 ಎಂಬ ಸಂಖ್ಯೆ ಅಲ್ಲಿ ಹಾಗೆಯೇ ಕುಳಿತಿತ್ತು. ತಿಂಗಳಿಗೆ ಎಷ್ಟು ಮಾಡೆಲ್ ಮುಗಿಸಿದೆವು ಎಂದು ಎಣಿಸುವ ಆಡಳಿತದಲ್ಲಿ ಯಾರೂ ಆ ಶೀಟನ್ನು ಓದುವುದಿಲ್ಲ. ರಿವ್ಯೂ ಟಿಕೆಟ್ ಇಪ್ಪತ್ತು ನಿಮಿಷದಲ್ಲಿ ಮುಚ್ಚಿತು. ಆದರೆ ಓದಬೇಕಾಗಿದ್ದವರಲ್ಲಿ ಮೊದಲಿಗರು ನಾನೇ. ಆ ಕ್ಲಬ್ ಪ್ರೀಮಿಯರ್ ಲೀಗ್‌ನಲ್ಲಿ ಒಂದೇ ಋತು ಆಡಿ ಇಳಿದದ್ದು ನನಗೆ ಗೊತ್ತಿತ್ತು. ಒಂದೇ ಋತು ಆಡಿದವರಿಗೆ ಎರಡೇ ವರ್ಷ ಪ್ಯಾರಾಚೂಟ್ ಎಂಬ ನಿಯಮವೂ ಗೊತ್ತಿತ್ತು. ಎರಡನ್ನೂ ಜೋಡಿಸಲಿಲ್ಲ.

ಕಾಲ್ ಶುರುವಾದಾಗ ನಮ್ಮಲ್ಲಿ ಸಂಜೆ ಏಳು ಗಂಟೆ. ಸಾಲ ಕೊಡುವವರ ಕಡೆಯಿಂದ ಇಬ್ಬರು, ಕ್ಲಬ್‌ನ ಹಣಕಾಸು ಮುಖ್ಯಸ್ಥೆ, ನಮ್ಮ ಲೀಡ್ ಮತ್ತು ನಾನು. ಪರದೆಯ ಮೇಲೆ ಮೂರನೇ ವರ್ಷದ ಕಾಲಂ ತಂದು, "ಇಲ್ಲಿಯೂ ಸಾಲದ ಕಂತು ಸುಲಭವಾಗಿ ತೀರುತ್ತದೆ" ಎಂದೆ. ಯಾರೂ ಮಾತಾಡಲಿಲ್ಲ. ಒಪ್ಪಿದ್ದಾರೆ ಎಂದುಕೊಂಡು ಮುಂದಿನ ಶೀಟಿಗೆ ಹೋದೆ. ಆಗ ಆಕೆ, "ದಯವಿಟ್ಟು ಹಿಂದಕ್ಕೆ ಹೋಗಿ. ಆ ಹಣ ನಮಗೆ ಬರುವುದಿಲ್ಲ. ನಾವು ಮೇಲಿದ್ದದ್ದು ಒಂದೇ ವರ್ಷ" ಎಂದರು.

ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ನಾನು ಸುಮ್ಮನಿರಬೇಕಿತ್ತು. ಅದರ ಬದಲು, "ಇರಲಿ, ಸಹಾಯಧನ ಬರುತ್ತದಲ್ಲ, ಸಣ್ಣ ವ್ಯತ್ಯಾಸ, ತಿದ್ದುತ್ತೇನೆ" ಎಂದುಬಿಟ್ಟೆ. ಎಲ್ಲರ ಮುಂದೆಯೇ ಕೋಶದಲ್ಲಿ 3 ಅಳಿಸಿ 2 ಹಾಕಿದೆ. ಮೂರನೇ ವರ್ಷದ ಕಾಲಂನಲ್ಲಿ ಒಂದರ ಕೆಳಗೊಂದು ಸಾಲು ಕೆಂಪಾಗುತ್ತ ಬಂತು. ಮೇಲಿನ ಲೆಕ್ಕದಲ್ಲೇ ನೋಡಿ: 1.55 ಕೋಟಿ ಇರಬೇಕಾದಲ್ಲಿ 46 ಲಕ್ಷ, ಒಂದು ಕೋಟಿಗೂ ಮೀರಿದ ಕೊರತೆ. ಸಂಬಳದ ಸಾಲು ಮಾತ್ರ ಕದಲಲಿಲ್ಲ. ಪ್ರೀಮಿಯರ್ ಲೀಗ್‌ಗೆ ಏರಿದಾಗ ನಾಲ್ಕು ವರ್ಷಕ್ಕೆ ಮಾಡಿಕೊಂಡ ಆಟಗಾರರ ಒಪ್ಪಂದಗಳು ಇನ್ನೂ ಮುಗಿದಿರಲಿಲ್ಲ. ಕೆಳಗಿಳಿದರೆ ಸಂಬಳ ಕಡಿತ ಎಂಬ ಷರತ್ತು ಕೆಲವರ ಒಪ್ಪಂದದಲ್ಲಿತ್ತು, ಎಲ್ಲರದರಲ್ಲೂ ಇರಲಿಲ್ಲ.

ಲೀಡ್ ಕ್ಷಮೆ ಕೇಳಿ ಕಾಲ್ ಮುಗಿಸಿದರು. ಆಮೇಲೆ ನನಗೆ, "ಅವರಿಗೆ ಅದು ಸಣ್ಣ ವ್ಯತ್ಯಾಸವಲ್ಲ" ಎಂದಷ್ಟೇ ಹೇಳಿದರು. ಐಪಿಎಲ್ ಲೆಕ್ಕ ನೋಡುವ ಸಹೋದ್ಯೋಗಿಯೊಬ್ಬರು ಪಕ್ಕದಲ್ಲಿದ್ದರು. ಐಪಿಎಲ್‌ನ 2023-27ರ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಆದರೆ ಅಲ್ಲಿ ಕೊನೆಯ ಸ್ಥಾನಕ್ಕೆ ಬಂದ ತಂಡ ಕೆಳಗಿಳಿಯುವುದೇ ಇಲ್ಲ. ಹಾಗಾಗಿ ಅವರ ಮಾಡೆಲ್‌ನಲ್ಲಿ ಇಂಥ ಪ್ರಪಾತದ ಸಾಲೇ ಇಲ್ಲ.

ಈ ಪ್ರಪಾತ ಎಂಥದ್ದು ಎಂದು ಲೂಟನ್ ಟೌನ್ ಕ್ಲಬ್‌ನಿಂದ ತಿಳಿಯಬಹುದು. 2014ರವರೆಗೆ ಮೇಲಿನ ನಾಲ್ಕು ಲೀಗ್‌ಗಳಿಂದಲೇ ಹೊರಗಿದ್ದ ಆ ಕ್ಲಬ್ 2023ರಲ್ಲಿ ಪ್ರೀಮಿಯರ್ ಲೀಗ್‌ಗೆ ಏರಿತು. ಅದರ ಕೆನಿಲ್‌ವರ್ತ್ ರೋಡ್ ಮೈದಾನದ ಒಂದು ದ್ವಾರ ಸಾಲುಮನೆಗಳ ನಡುವಿನಿಂದ ಒಳಗೆ ಹೋಗುತ್ತದೆ. ಮೆಟ್ಟಿಲು ಹತ್ತುವಾಗ ಪಕ್ಕದ ಮನೆಗಳ ಹಿತ್ತಿಲು ಕಾಣುತ್ತದೆ. ಅಂಥ ಮೈದಾನವನ್ನು ಪ್ರಸಾರಕ್ಕೆ ತಕ್ಕಂತೆ ಮಾಡಲು ಒಂದು ಸ್ಟ್ಯಾಂಡನ್ನೇ ಮರುಕಟ್ಟಬೇಕಾಯಿತು. ಕೆಲಸ ಮುಗಿಯದೆ ಬರ್ನ್‌ಲಿ ವಿರುದ್ಧದ ಮೊದಲ ತವರು ಪಂದ್ಯವೇ ಮುಂದಕ್ಕೆ ಹೋಯಿತು. ಲೂಟನ್ ಆ ಋತುವಿನಲ್ಲೇ ಇಳಿಯಿತು, ಮರುವರ್ಷ ಪ್ಯಾರಾಚೂಟ್ ಹಣ ಕೈಯಲ್ಲಿದ್ದರೂ ಲೀಗ್ ಒನ್‌ಗೆ ಬಿತ್ತು. 2023-24ರಲ್ಲಿ ಏರಿಬಂದ ಮೂರೂ ಕ್ಲಬ್‌ಗಳು ಅದೇ ವರ್ಷ ಇಳಿದವು, 2024-25ರಲ್ಲೂ ಹಾಗೆಯೇ ಆಯಿತು. ಈ ಹಣದ ಆಸೆಗೇ ಚಾಂಪಿಯನ್‌ಷಿಪ್‌ನ ಎಷ್ಟೋ ಕ್ಲಬ್‌ಗಳು ಆದಾಯಕ್ಕಿಂತ ಹೆಚ್ಚು ಸಂಬಳ ಕೊಡುತ್ತವೆ. ಪ್ಯಾರಾಚೂಟ್ ಇರುವವರೊಂದಿಗೆ ಸೆಣಸಲು ಇಲ್ಲದವರು ಸಾಲ ಮಾಡುತ್ತಾರೆ, ಆ ಸಾಲದ ಕಾಗದ ನನ್ನ ಮೇಜಿಗೆ ಬರುತ್ತದೆ.

ಈಗ ನಾನು ಮಾಡೆಲ್ ತೆರೆದ ಕೂಡಲೇ ಮೂರು ವಿಷಯ ಬರೆದುಕೊಳ್ಳುತ್ತೇನೆ: ಮೇಲಿದ್ದದ್ದು ಎಷ್ಟು ಋತು, ಪ್ಯಾರಾಚೂಟ್ ಯಾವ ತಿಂಗಳು ನಿಲ್ಲುತ್ತದೆ, ಆ ತಿಂಗಳ ಆಚೆಗೂ ಉಳಿಯುವ ಒಪ್ಪಂದಗಳು ಎಷ್ಟು. ಟೆಂಪ್ಲೇಟಿನಲ್ಲಿ ಆ 3 ಅನ್ನು ಖಾಲಿ ಬಿಡಿ ಎಂದು ಎರಡು ಬಾರಿ ಬರೆದು ಕೊಟ್ಟೆ. ಅದು ಇನ್ನೂ ಅಲ್ಲೇ ಇದೆ.

ಕಾಲ್ ಆದ ಮರುದಿನ ಕ್ಲಬ್‌ನ ಹಣಕಾಸು ಮುಖ್ಯಸ್ಥೆ ಒಂದು ಪಟ್ಟಿ ಕಳಿಸಿದರು. ಆಟಗಾರರದ್ದಲ್ಲ. ಹುಲ್ಲು ನೋಡಿಕೊಳ್ಳುವವರು, ಟಿಕೆಟ್ ಕೌಂಟರಿನವರು, ಬಟ್ಟೆ ಒಗೆಯುವವರು, ಹುಡುಗರ ಅಕಾಡೆಮಿಯ ತರಬೇತುದಾರರು, ಒಟ್ಟು ಮೂವತ್ತನಾಲ್ಕು ಮಂದಿ. ಮೂರನೇ ವರ್ಷದಲ್ಲಿ ಇವರಲ್ಲಿ ಎಷ್ಟು ಜನರನ್ನು ಉಳಿಸಿಕೊಳ್ಳಬಹುದು ಎಂದು ಕೇಳಿದ್ದರು. ಎರಡು ದಿನ ಕುಳಿತು ಲೆಕ್ಕ ಹಾಕಿದೆ. ಹತ್ತೊಂಬತ್ತು ಎಂದು ಉತ್ತರ ಬರೆದೆ.