ಅಜ್ಜನ ಕೈ ಮತ್ತು ನಮ್ಮ ರಿಗ್ಗಿಂಗ್ ಲ್ಯಾಬು

ಅನಿಮೇಷನ್ ಕೋರ್ಸಿನ ಮೂರನೇ ಸೆಮಿಸ್ಟರ್‌ನಲ್ಲಿ ರಿಗ್ಗಿಂಗ್ ಮೇಡಂ ಕೊಟ್ಟ ಕೆಲಸ ಕೇಳೋಕೆ ಸುಲಭ. ಒಬ್ಬ ಅಜ್ಜ ಮೇಜಿಗೆ ಕೈಯೂರಿ ಕುರ್ಚಿಯಿಂದ ಏಳಬೇಕು, ಆಮೇಲೆ ಕೈ ಬೀಸುತ್ತಾ ಬಾಗಿಲಿಗೆ ನಡೆಯಬೇಕು. ರಿಗ್ ಮಾತ್ರ, ಅಂದರೆ ಪಾತ್ರವನ್ನು ಆಡಿಸುವ ಬೋನ್‌ಗಳ ಅಸ್ಥಿಪಂಜರ, ನಾವೇ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ಕಟ್ಟಬೇಕು. ರಿಗ್ ತಾನೇ ಕಟ್ಟಿಕೊಡುವ ರಿಗಿಫೈ ಆಡ್‌ಆನ್ ಮುಟ್ಟುವಂತಿಲ್ಲ.

ಈ ಎರಡು ಕೆಲಸಕ್ಕೂ ಒಂದೇ ಥರದ ಕೈ ಸಾಲದು. ಕೈ ಆಡಿಸಲು ಎರಡು ವಿಧಾನ: ಫಾರ್ವರ್ಡ್ ಕೈನೆಮ್ಯಾಟಿಕ್ಸ್ ಅಂದರೆ ಎಫ್‌ಕೆ, ಇನ್ವರ್ಸ್ ಕೈನೆಮ್ಯಾಟಿಕ್ಸ್ ಅಂದರೆ ಐಕೆ. ಎಫ್‌ಕೆಯಲ್ಲಿ ಭುಜ ತಿರುಗಿಸಿದರೆ ಮೊಣಕೈ, ಅಂಗೈ ಅದರ ಹಿಂದೆ ಬರುತ್ತವೆ. ಬೀಸುವ ಕೈಗೆ ಇದು ಚೆನ್ನ, ಅಂಗೈ ತಾನಾಗಿ ಕಮಾನಿನಂತೆ ಸಾಗುತ್ತದೆ. ಆದರೆ ಅಜ್ಜನ ಬೆನ್ನು ಮೇಲೇಳುತ್ತಿದ್ದಂತೆ ಅಂಗೈಯೂ ಮೇಜು ಬಿಟ್ಟು ಏಳುತ್ತದೆ. ಐಕೆಯಲ್ಲಿ ಅಂಗೈಯನ್ನು ಒಂದು ಕಡೆ ಇಟ್ಟರೆ ಸಾಕು, ಭುಜ ಮತ್ತು ಮೊಣಕೈ ಎಷ್ಟು ಬಾಗಬೇಕೆಂದು ಸಾಫ್ಟ್‌ವೇರೇ ಲೆಕ್ಕ ಹಾಕುತ್ತದೆ. ಮೇಜಿನ ಮೇಲಿನ ಕೈ ಅಲ್ಲಾಡುವುದಿಲ್ಲ. ಅದೇ ಐಕೆಯಲ್ಲಿ ಕೈ ಬೀಸಿಸಿ ನೋಡಿ: ನಾವು ಭಂಗಿ ಗುರುತಿಸಿಟ್ಟ ಎರಡು ಫ್ರೇಮುಗಳ, ಅಂದರೆ ಎರಡು ಕೀಗಳ ನಡುವೆ ಅಂಗೈ ನೆಟ್ಟಗೆ ಗೆರೆ ಎಳೆದಂತೆ ಹೋಗುತ್ತದೆ.

ಹಾಗಾಗಿ ಒಂದು ಕೈಗೆ ಮೂರು ಬೋನ್ ಸರಪಳಿ. ಒಂದು ಎಫ್‌ಕೆ, ಒಂದು ಐಕೆ, ಇನ್ನೊಂದು ಚರ್ಮವನ್ನು ಎಳೆಯುವ ಡಿಫಾರ್ಮ್ ಬೋನ್‌ಗಳದ್ದು. ಮೂರೂ ಒಂದರ ಮೇಲೊಂದು ಕೂತಿರುತ್ತವೆ.

ಜಾಸ್ತಿ ಸಮಯ ತಿಂದದ್ದು ಪೋಲ್ ಟಾರ್ಗೆಟ್. ನಿಮ್ಮ ಅಂಗೈಯನ್ನು ಮೇಜಿನ ಮೇಲೆ ಊರಿ, ಭುಜ ಅಲುಗಿಸದೆ ಮೊಣಕೈ ಮಾತ್ರ ಆಡಿಸಿ. ಮೊಣಕೈ ಒಂದು ವೃತ್ತದ ಮೇಲೆ ಸುತ್ತುತ್ತದೆ, ಅಲ್ವಾ? ಅಂದರೆ ಅಂಗೈ ಎಲ್ಲಿದೆ ಎಂದಷ್ಟೇ ಹೇಳಿದರೆ ಸಾಲದು, ಆ ವೃತ್ತದಲ್ಲಿ ಮೊಣಕೈ ಯಾವ ಕಡೆ ಇರಬೇಕೆಂದೂ ಹೇಳಬೇಕು. ಅದನ್ನು ಹೇಳುವುದೇ ಪೋಲ್.

ನಾವು ಐಕೆ ಲೆಕ್ಕ ಹಾಕುವ ಕನ್‌ಸ್ಟ್ರೇಂಟನ್ನು ಮುಂಗೈ ಬೋನಿಗೆ ಹಾಕಿದೆವು. ಲೆಕ್ಕ ಎಷ್ಟು ಬೋನ್‌ಗಳವರೆಗೆ ಹೋಗಬೇಕೆಂದು ಹೇಳುವ Chain Length 2. ಅದನ್ನು 0 ಬಿಟ್ಟರೆ ಲೆಕ್ಕ ಬೆನ್ನುಮೂಳೆಯವರೆಗೂ ಹತ್ತಿ, ಕೈ ಎಳೆದರೆ ಅಜ್ಜನೇ ಬಾಗುತ್ತಾನೆ. ಬೋನ್‌ಗಳನ್ನು ಇಡುವಾಗಲೇ ಮೊಣಕೈಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಭುಜ, ಮೊಣಕೈ, ಮಣಿಕಟ್ಟು ಮೂರೂ ಸೇರುವ ಸಮತಲದಲ್ಲೇ ಪೋಲನ್ನು ಮೊಣಕೈಯ ಹಿಂದೆ ಇಟ್ಟೆವು. ದೂರ ಸುಮಾರು ತೋಳಿನಷ್ಟು. ತೀರಾ ಹತ್ತಿರವಿದ್ದರೆ ಕೈ ಆಡುವಾಗ ಮೊಣಕೈ ಪಕ್ಕನೆ ಆಚೆ ಕಡೆಗೆ ಹೊರಳುತ್ತದೆ.

ಪೋಲ್ ಆರಿಸಿದ ಕೂಡಲೇ ತೋಳು ತಿರುಚಿಕೊಂಡರೆ ಹೆದರಬೇಕಿಲ್ಲ. Pole Angle ನಲ್ಲಿ -90, 0, 90, 180 ಹಾಕಿ ನೋಡಿದರೆ ಸಾಮಾನ್ಯವಾಗಿ ಒಂದು ಕೂರುತ್ತದೆ. ಕೂತಿತೋ ಇಲ್ಲವೋ ಎಂದು ತಿಳಿಯಲು ಪಕ್ಕದ ಎಫ್‌ಕೆ ತೋಳೇ ಸಾಕ್ಷಿ: ಬೋನ್‌ಗಳನ್ನು ಮೊದಲು ಇಟ್ಟ ಭಂಗಿಯಾದ ರೆಸ್ಟ್ ಪೋಸ್‌ನಲ್ಲಿ ಎರಡೂ ಪೂರ್ತಿ ಒಂದರ ಮೇಲೊಂದು ಬರಬೇಕು. ನಾಲ್ಕರಲ್ಲಿ ಯಾವುದೂ ಕೂರದಿದ್ದರೆ ಪೋಲ್ ಸಮತಲ ಬಿಟ್ಟಿದೆ, ಇಲ್ಲವೇ ಬೋನಿನ ರೋಲ್, ಅಂದರೆ ತನ್ನ ಉದ್ದದ ಸುತ್ತ ಅದರ ತಿರುವು, ಓರೆಯಾಗಿದೆ. ಅಲ್ಲಿ 83, 87 ಅಂತ ಸುಮ್ನೆ ತಡಕಾಡುವವರನ್ನು ಕಂಡರೆ ಮೇಡಂಗೆ ಆಗುತ್ತಿರಲಿಲ್ಲ. ಈಗ ನನಗೂ ಆಗುವುದಿಲ್ಲ.

ಎಫ್‌ಕೆ, ಐಕೆ ನಡುವೆ ಬದಲಿಸುವ ಸ್ವಿಚ್ ಕಟ್ಟುವುದು ಬೇಗ ಮುಗಿಯಿತು. ಪ್ರತಿ ಡಿಫಾರ್ಮ್ ಬೋನಿಗೆ, ಇನ್ನೊಂದು ಬೋನಿನ ಭಂಗಿಯನ್ನು ನಕಲು ಮಾಡುವ ಎರಡು Copy Transforms. ಮೊದಲು ಎಫ್‌ಕೆ, ಅದರ ಕೆಳಗೆ ಐಕೆ. ಕೆಳಗಿನದರ ಪ್ರಭಾವ ಎಷ್ಟೆಂದು ಹೇಳುವ Influence ಅನ್ನು `ik_fk` ಎಂಬ ಪ್ರಾಪರ್ಟಿಗೆ, ಒಂದರ ಬೆಲೆಯಿಂದ ಇನ್ನೊಂದನ್ನು ನಡೆಸುವ ಡ್ರೈವರ್‌ನಿಂದ ಕಟ್ಟಿದೆವು. 1 ಆದರೆ ಐಕೆ, 0 ಆದರೆ ಎಫ್‌ಕೆ.

ತೊಂದರೆ ಶುರುವಾಗಿದ್ದು 40ನೇ ಫ್ರೇಮಿನಲ್ಲಿ, ಅಜ್ಜನ ಕೈ ಮೇಜು ಬಿಡುವಾಗ. ಸ್ವಿಚ್ 0 ಮಾಡಿದರೆ ಕೈ ಜಿಗಿದು ಸೊಂಟದ ಪಕ್ಕ ನಿಂತಿತು. ಅಲ್ಲಿವರೆಗೂ ಯಾರೂ ಮುಟ್ಟದ ಎಫ್‌ಕೆ ತೋಳು ಇದ್ದದ್ದೇ ಅಲ್ಲಿ. ಗೆಳೆಯನೊಬ್ಬ 1ರಿಂದ 0ಗೆ ಎಂಟು ಫ್ರೇಮಿನಲ್ಲಿ ನಿಧಾನವಾಗಿ ಇಳಿಸಿದ. ಜಿಗಿತ ಹೋಯಿತು, ಆದರೆ ಊರಿದ ಅಂಗೈ ಮೇಜಿನ ಮೇಲೆ ಜಾರತೊಡಗಿತು. ನನ್ನ ಪ್ರಕಾರ ಸ್ವಿಚ್ ಒಂದೇ ಫ್ರೇಮಿನಲ್ಲಿ ಬದಲಾಗಬೇಕು, ಅದರ ಕೀಗಳು ನಡುವೆ ಬೆಲೆ ಬದಲಿಸದ Constant ಆಗಿರಬೇಕು, ಮತ್ತು ಆ ಫ್ರೇಮಿನಲ್ಲಿ ಎಫ್‌ಕೆ ತೋಳು ಐಕೆ ತೋಳಿನ ಭಂಗಿಯಲ್ಲೇ ಇರಬೇಕು. ಅದಕ್ಕೆ ಮೇಡಂ ಬೋರ್ಡಿನ ಮೇಲೆ ಬರೆದದ್ದು ಇಷ್ಟೇ:

```python
import bpy
pb = bpy.context.object.pose.bones
for n in ["upper_arm", "forearm", "hand"]:
    pb[n + "_fk.L"].matrix = pb[n + "_ik.L"].matrix.copy()
    bpy.context.view_layer.update()
```

ಭುಜದಿಂದ ಅಂಗೈ ಕಡೆಗೆ, ಅದೇ ಕ್ರಮ. ಕೊನೆಯ ಸಾಲು ಬಿಟ್ಟರೆ ಮುಂಗೈ ತನ್ನ ಲೆಕ್ಕಕ್ಕೆ ತೋಳಿನ ಹಳೆಯ ಜಾಗವನ್ನೇ ಹಿಡಿಯುತ್ತದೆ. ನೋಡಿದರೆ ಗೊತ್ತಾಗುತ್ತದೆ: ತೋಳು ಸರಿ ಕೂತಿರುತ್ತದೆ, ಮುಂಗೈಯಿಂದ ಕೆಳಗೆ ಮಾತ್ರ ಸೊಟ್ಟ.

ಎಫ್‌ಕೆಯಿಂದ ಐಕೆಗೆ ಮರಳುವುದು ಇನ್ನೂ ರಗಳೆ, ಯಾಕಂದರೆ ಪೋಲಿಗೂ ಜಾಗ ಹುಡುಕಬೇಕು. ಭುಜದಿಂದ ಮಣಿಕಟ್ಟಿಗೆ ಗೆರೆ ಎಳೆಯಿರಿ. ಆ ಗೆರೆಯಿಂದ ಮೊಣಕೈಗೆ ಲಂಬವಾಗಿ ಹೊರಟು, ಅದೇ ದಿಕ್ಕಿನಲ್ಲಿ ತೋಳಿನಷ್ಟು ದೂರ ಹೋದರೆ ಅಲ್ಲಿ ಪೋಲ್. ಆದರೆ ಅಜ್ಜ ಬಾಗಿಲ ಬಳಿ ಕೈ ಪೂರ್ತಿ ಚಾಚಿ ಚಿಲಕ ಹಿಡಿಯುತ್ತಾನಲ್ಲ, ಆಗ ಮೊಣಕೈ ಗೆರೆಯ ಮೇಲೆಯೇ ಇರುತ್ತದೆ. ದಿಕ್ಕೇ ಸಿಗುವುದಿಲ್ಲ, ಪೋಲ್ ಎಲ್ಲೆಲ್ಲಿಗೋ ಹಾರುತ್ತದೆ. ಅಂಥ ಕಡೆ ಮೊಣಕೈಯನ್ನು ಕೇಳದೆ, ರೆಸ್ಟ್ ಪೋಸ್‌ನಲ್ಲಿ ಹಿಂದಕ್ಕೆ ನೋಡುತ್ತಿದ್ದ ತೋಳಿನ ಬೋನಿನ ಅಕ್ಷ ಈಗ ಎತ್ತ ತಿರುಗಿದೆ ಎಂದು ನೋಡಿ ಪೋಲನ್ನು ಆ ಕಡೆ ಇಡುತ್ತೇವೆ. ಈಗ ಸ್ಟುಡಿಯೋದಲ್ಲಿ ನಾನು ಬರೆಯುವ, ಒಂದು ತೋಳನ್ನು ಇನ್ನೊಂದರ ಭಂಗಿಗೆ ತರುವ ಸ್ನ್ಯಾಪ್ ಬಟನ್‌ನಲ್ಲಿ ಮೊದಲು ಪರೀಕ್ಷಿಸುವುದೂ ಈ ನೆಟ್ಟಗಿನ ಕೈಯನ್ನೇ.