ಸೋಪ್ ನೋಟ್‌ಗೆ ಟೆಂಪ್ಲೇಟ್ ಕೇಳೋರಿಗೆ

"ಮೇಡಂ, ಟೀನೇಜ್ ಮಕ್ಕಳ ಆಂಗ್ಸೈಟಿ ಸೆಷನ್ ಆದ್ಮೇಲೆ ಸೋಪ್ ನೋಟ್ ಹೇಗ್ ಬರೀಬೇಕು? ಒಂದು ಟೆಂಪ್ಲೇಟ್ ಇದ್ರೆ ಕಳ್ಸಿ ಪ್ಲೀಸ್."

ಟೆಂಪ್ಲೇಟ್ ಕಳ್ಸಲ್ಲ. ನಾಲ್ಕು ಹೆಡಿಂಗ್ ನಿಮಗೆ ಗೊತ್ತೇ ಇದೆ, ಸಬ್ಜೆಕ್ಟಿವ್, ಆಬ್ಜೆಕ್ಟಿವ್, ಅಸೆಸ್‌ಮೆಂಟ್, ಪ್ಲಾನ್, ಅದಕ್ಕಿಂತ ಹೆಚ್ಚಿಂದು ಯಾವ ಟೆಂಪ್ಲೇಟಲ್ಲೂ ಇರಲ್ಲ. ತೊಂದ್ರೆ ಆಗೋದು ಹೆಡಿಂಗ್ ಕೆಳಗೆ ಏನ್ ತುಂಬ್ತೀರಿ ಅನ್ನೋದ್ರಲ್ಲಿ.

ಒಂದ್ಸಲ ಸಹೋದ್ಯೋಗಿ ರಜದಲ್ಲಿದ್ದಾಗ ಅವರ ಕ್ಲೈಂಟ್ ಒಬ್ಬ ಹುಡುಗನ್ನ ನಾನು ನೋಡ್ಬೇಕಾಯ್ತು. ಫೈಲ್ ತೆಗೆದ್ರೆ ಪ್ರತಿ ಸೆಷನ್‌ಗೂ ಅದೇ ಸಾಲು: "ಕ್ಲೈಂಟ್ ಆಂಕ್ಷಿಯಸ್ ಆಗಿದ್ದರು, ರ‍್ಯಾಪೋ ಚೆನ್ನಾಗಿದೆ, ಸಪೋರ್ಟಿವ್ ಥೆರಪಿ ಕೊಡಲಾಯಿತು, ಮುಂದುವರಿಸುವುದು." ಹಿಂದಿನ ವಾರದ್ದನ್ನೇ ಕಾಪಿ ಮಾಡ್ಕೊಂಡು ಬಂದಿದ್ರು, ಅಪ್ಪ ಕರ್ಕೊಂಡ್ ಬಂದ ದಿನವೂ "ತಾಯಿಯೊಂದಿಗೆ ಬಂದಿದ್ದಾರೆ" ಅಂತಾನೇ ಇತ್ತು. ಆ ಹುಡುಗ ಯಾವುದಕ್ಕೆ ಹೆದರ್ತಾನೆ, ಎಲ್ಲಿವರೆಗೆ ಕೆಲಸ ಆಗಿದೆ, ಸಾಯೋ ಯೋಚನೆ ಬಗ್ಗೆ ಯಾರಾದ್ರೂ ಕೇಳಿದಾರಾ, ಒಂದೂ ಇಲ್ಲ. ಅವನು ಪಾಪ ಎಲ್ಲಾನೂ ಮೊದಲಿಂದ ಹೇಳ್ಬೇಕಾಯ್ತು. ಟೆಂಪ್ಲೇಟ್ ಅಂದ್ರೆ ನನಗೆ ಕೋಪ ಬರೋದು ಅದಕ್ಕೆ.

ಒಂದು ಕೇಸ್ ಇಟ್ಕೊಂಡೇ ಹೇಳ್ತೀನಿ, ಇದು ಯಾರೋ ಒಬ್ಬರದ್ದಲ್ಲ, ಹೇಳೋಕೆ ಅಂತ ನಾನೇ ಕಟ್ಟಿದ್ದು. ಹತ್ತನೇ ಕ್ಲಾಸ್ ಹುಡುಗಿ, 15 ವರ್ಷ. ಬೆಳಿಗ್ಗೆ ಹೊಟ್ಟೆನೋವು ಅಂತ ಶಾಲೆ ತಪ್ಪಿಸ್ತಾಳೆ, ಮಕ್ಕಳ ಡಾಕ್ಟರ್ ನೋಡಿ ಬೇರೇನೂ ಇಲ್ಲ ಅಂದಿದಾರೆ. ಇವತ್ತು ನಾಲ್ಕನೇ ಸೆಷನ್.

ಸಬ್ಜೆಕ್ಟಿವ್‌ನಲ್ಲಿ ಅವಳು ಹೇಳಿದ್ದು ಅವಳ ಮಾತಲ್ಲೇ ಇರ್ಬೇಕು. "ಆಂಗ್ಸೈಟಿ ಇದೆ ಎಂದು ತಿಳಿಸಿದಳು" ಅಂತ ಬರೀತೀರಲ್ಲ, ಯಾವ ಹತ್ತನೇ ಕ್ಲಾಸ್ ಹುಡುಗಿ ಹಾಗೆ ಮಾತಾಡ್ತಾಳೆ? ಅವಳು ಅಂದಿದ್ದು "ಎದ್ದ ತಕ್ಷಣ ಹೊಟ್ಟೆ ಹಿಂಡತ್ತೆ, ಮಿಸ್ ನನ್ ಹೆಸ್ರು ಕರ್ದು ಓದು ಅಂತಾರೆ ಅಂತ ಅನ್ಸತ್ತೆ." ಅದನ್ನೇ ಬರೀರಿ. ಹೋದ ವಾರ 4 ದಿನ ಶಾಲೆ ತಪ್ಪಿಸಿದ್ಲು, ಈ ವಾರ 2 ದಿನ, ಅದೂ ಇಲ್ಲೇ ಬರತ್ತೆ. ಅಮ್ಮ ಹೊರಗಡೆ ನಿಂತು "ಇವಳಿಗೆ ಎಕ್ಸಾಮ್ ಭಯ ಅಷ್ಟೇ ಮೇಡಂ" ಅಂದ್ರೆ ಅದನ್ನ ತಾಯಿ ಹೇಳಿದ್ದು ಅಂತ ಬೇರೆ ಸಾಲಲ್ಲಿ ಹಾಕಿ, ಇಬ್ಬರ ಮಾತು ಬೆರೆತ್ರೆ ಆಮೇಲೆ ಬಿಡಿಸೋಕಾಗಲ್ಲ. ಸಾಯೋ ಯೋಚನೆ, ತನಗೆ ತಾನೇ ನೋವು ಮಾಡ್ಕೊಳ್ಳೋದು ಇದೆಯಾ ಅಂತ ನೇರವಾಗಿ ಕೇಳಿ, ಕೇಳಿದ್ದನ್ನೂ ಅವಳು ಏನಂದ್ಲು ಅನ್ನೋದನ್ನೂ ಬರೀಬೇಕು. ಏನೂ ಬರ್ದಿಲ್ಲ ಅಂದ್ರೆ ಓದೋರು ಕೇಳೇ ಇಲ್ಲ ಅಂದ್ಕೊಳ್ತಾರೆ.

ಆಬ್ಜೆಕ್ಟಿವ್ ಅಂದ್ರೆ ನೀವು ಕಣ್ಣಾರೆ ಕಂಡಿದ್ದು. "ಆಂಕ್ಷಿಯಸ್ ಆಗಿ ಕಂಡಳು" ಅಂದ್ರೆ ನೀವು ಆಗ್ಲೇ ತೀರ್ಮಾನ ಮಾಡಿಬಿಟ್ರಿ. ಮೊದಲ ಹತ್ತು ನಿಮಿಷ ದನಿ ತಗ್ಗಿಸಿ ಒಂದೊಂದೇ ಪದದಲ್ಲಿ ಉತ್ತರ, ಯೂನಿಫಾರ್ಮ್ ತೋಳಿನ ದಾರ ಎಳೀತಾ ಕೂತಿದ್ಲು, ಕ್ಲಾಸಲ್ಲಿ ಜೋರಾಗಿ ಓದೋ ವಿಷಯ ಬಂದಾಗ ಮಾತು ನಿಲ್ಸಿ ನೀರು ಕೇಳಿದ್ಲು, ಕೊನೆಯಲ್ಲಿ ತಂಗಿ ವಿಷಯ ಹೇಳ್ತಾ ನಕ್ಕಳು. ಇಷ್ಟು ಬರೆದ್ರೆ ಓದೋರಿಗೆ ಹುಡುಗಿ ಕಣ್ಮುಂದೆ ಬರ್ತಾಳೆ. ಜಿಎಡಿ-7 ಮಾಡ್ಸಿದ್ರೆ ಅದರ ಸ್ಕೋರ್ ಕೂಡ ಇಲ್ಲೇ, ಮೊದಲ ಸಲ 16 ಇತ್ತು, ಇವತ್ತು 12. ಅದು ಅವಳೇ ತುಂಬಿದ ಫಾರಂ ಅಲ್ವಾ, ಸಬ್ಜೆಕ್ಟಿವ್ ಆಗ್ಬೇಕಲ್ವಾ ಅಂತ ಕೆಲವರು ವಾದ ಮಾಡ್ತಾರೆ, ಮಾಡ್ಲಿ, ಅಳತೆಯ ಅಂಕಿನ ಬಹಳ ಜನ ಆಬ್ಜೆಕ್ಟಿವ್‌ನಲ್ಲೇ ಇಡ್ತಾರೆ, ನೀವು ಎಲ್ಲಿಟ್ರೂ ಪ್ರತಿ ಸಲ ಅಲ್ಲೇ ಇಡಿ.

ಇನ್ನೊಂದು, ನೀವು ಸೆಷನ್‌ನಲ್ಲಿ ಏನ್ ಮಾಡಿದ್ರಿ ಅನ್ನೋದಕ್ಕೆ ಸೋಪ್‌ನಲ್ಲಿ ಜಾಗವೇ ಇಲ್ಲ. 1960ರ ದಶಕದಲ್ಲಿ ಅಮೆರಿಕದ ಡಾಕ್ಟರ್ ಲಾರೆನ್ಸ್ ವೀಡ್ ರೋಗಿಗಳ ದಾಖಲೆಗಳಿಗೆ ಒಂದು ಕ್ರಮ ತಂದಾಗ ಬಂದ ಪದ್ಧತಿ ಇದು, ಥೆರಪಿ ಮನಸ್ಸಲ್ಲಿಟ್ಕೊಂಡು ಮಾಡಿದ್ದಲ್ಲ. ನಾನು ಆಬ್ಜೆಕ್ಟಿವ್ ಕೊನೆಗೆ ಸೇರಿಸ್ತೀನಿ: ಭಯದ ವಿಷಯಗಳನ್ನ ಸಣ್ಣದರಿಂದ ದೊಡ್ಡದಕ್ಕೆ ಆರು ಮೆಟ್ಟಿಲಾಗಿ ಜೋಡಿಸಿದ್ವಿ, ಮೊದಲನೇದು ನನ್ನೆದುರು ಒಂದು ಪ್ಯಾರಾ ಜೋರಾಗಿ ಓದೋದು, ಓದೋ ಮುಂಚೆ ಭಯ ಹತ್ತಕ್ಕೆ 8 ಅಂದ್ಲು, ಮೂರನೇ ಸಲ ಓದಿದ್ಮೇಲೆ 5. "ಸಿಬಿಟಿ ಮಾಡಲಾಯಿತು" ಅಂತ ಬರ್ದಿದ್ರೆ ಇದರಲ್ಲಿ ಏನೂ ಉಳೀತಿರ್ಲಿಲ್ಲ.

ಅಸೆಸ್‌ಮೆಂಟ್ ಅಂದ್ರೆ ಡಯಾಗ್ನೋಸಿಸ್ ಮತ್ತೆ ಕಾಪಿ ಮಾಡೋದಲ್ಲ. ಮೇಲಿನ ಎರಡನ್ನೂ ಸೇರ್ಸಿ ನಿಮಗೆ ಏನ್ ಅರ್ಥ ಆಯ್ತು ಅಂತ. ಶಾಲೆ ತಪ್ಪಿಸಿದ ದಿನ ಹತ್ತು ಗಂಟೆಗೆಲ್ಲಾ ಹೊಟ್ಟೆನೋವು ಹೋಗತ್ತೆ, ಹೋದಾಗ ಹಾಯ್ ಅನ್ಸತ್ತೆ, ಆ ನೆಮ್ಮದಿಯೇ ಮಾರನೇ ದಿನದ ಭಯನ ಉಳಿಸ್ತಿದೆ. ಹಾಜರಿ ಸುಧಾರಿಸಿದೆ, ಸ್ಕೋರ್ ತೀವ್ರದಿಂದ ಮಧ್ಯಮಕ್ಕೆ ಇಳಿದಿದೆ, ಆದ್ರೆ ಭಯ ಎಕ್ಸಾಮ್‌ದಲ್ಲ, ಎಲ್ಲರೆದುರು ಮಾತಾಡೋದ್ದು ಅನ್ನೋ ಹಾಗಿದೆ, ಸೋಷಿಯಲ್ ಆಂಗ್ಸೈಟಿ ಇದೆಯಾ ಅಂತ ಮುಂದೆ ನೋಡ್ಬೇಕು. ಆತ್ಮಹತ್ಯೆ ಅಪಾಯದ ಬಗ್ಗೆ "ಇಲ್ಲ" ಅಂತ ಒಂದೇ ಪದ ಬೇಡ. ಇವತ್ತಿಗೆ ಕಡಿಮೆ, ಯಾಕಂದ್ರೆ ಕೇಳಿದಾಗ ಯೋಚನೆ ಇಲ್ಲ ಅಂದ್ಲು, ಹಿಂದೆ ಪ್ರಯತ್ನ ಇಲ್ಲ, ಕಷ್ಟ ಆದ್ರೆ ಅಮ್ಮನ ಹತ್ರ ಹೇಳ್ಕೊಳ್ತಾಳೆ, ಹೀಗೆ ಕಾರಣ ಸಮೇತ.

ಪ್ಲಾನ್‌ನಲ್ಲಿ ಯಾರು, ಏನು, ಯಾವತ್ತು. ಹುಡುಗಿ ಸೋಮವಾರ, ಬುಧವಾರ, ಶುಕ್ರವಾರ ತಂಗಿ ಎದುರು ಒಂದು ಪ್ಯಾರಾ ಓದಿ ಭಯದ ಅಂಕಿ ಬರ್ದಿಡ್ತಾಳೆ. ಜ್ವರ, ವಾಂತಿ ಇಲ್ದಿದ್ರೆ ಅಮ್ಮ ಶಾಲೆಗೆ ಕಳಿಸ್ತಾರೆ, ಹೊಟ್ಟೆನೋವು ಹೇಗಿದೆ ಅಂತ ಪದೇಪದೇ ಕೇಳಲ್ಲ. ಹುಡುಗಿ ಒಪ್ಪಿದಾಳೆ, ಹಾಗಾಗಿ ಕ್ಲಾಸ್ ಟೀಚರ್‌ಗೆ ನಾನು ಫೋನ್ ಮಾಡ್ತೀನಿ. ಮುಂದಿನ ಸೆಷನ್ ಗುರುವಾರ. ಇನ್ನೆರಡು ಸೆಷನ್ ಆದ್ರೂ ಹಾಜರಿ ಮೇಲೇಳ್ದಿದ್ರೆ ಸೈಕಿಯಾಟ್ರಿಸ್ಟ್ ಹತ್ರ ಕಳಿಸೋ ಬಗ್ಗೆ ಮನೆಯವರ ಜೊತೆ ಮಾತು. ಅಷ್ಟೇ.

ಈಗ, ನೀವ್ಯಾರೂ ಕೇಳ್ದೇ ಇರೋದನ್ನ ಹೇಳ್ತೀನಿ, ಕೇಳ್ಬೇಕಿದ್ದದ್ದು ಇದನ್ನ: ಈ ನೋಟ್ ಯಾರ್ ಓದ್ತಾರೆ? ಬಾಗಿಲ ಹತ್ರ ಅಮ್ಮ ನಿಂತು "ಏನ್ ಬರ್ದಿದೀರಾ ಒಂಚೂರು ತೋರ್ಸಿ ಮೇಡಂ" ಅಂತಾರೆ. ಮಾನಸಿಕ ಆರೋಗ್ಯ ಕಾಯ್ದೆ 2017ರಲ್ಲಿ ದಾಖಲೆ ನೋಡೋ ಹಕ್ಕಿದೆ, ಅಪ್ರಾಪ್ತ ಮಕ್ಕಳ ವಿಷಯದಲ್ಲಿ ಸಾಮಾನ್ಯವಾಗಿ ಅಪ್ಪ ಅಮ್ಮನೇ ಪ್ರತಿನಿಧಿ. ಹಾಗಾಗಿ ಒಂದಲ್ಲ ಒಂದಿನ ಅವರು ಓದ್ತಾರೆ ಅಂದ್ಕೊಂಡೇ ಬರೀರಿ. ಹುಡುಗಿಗೆ ಕ್ಲಾಸಲ್ಲಿ ಯಾರೋ ಇಷ್ಟ ಅಂತ ಹೇಳಿದ್ಲು, ಅದಕ್ಕೂ ಚಿಕಿತ್ಸೆಗೂ ಸಂಬಂಧ ಇಲ್ಲ, ಬರೀಬೇಡಿ. ಸಂಬಂಧ ಇದ್ರೂ ಹೆಸರು ಬೇಡ, "ಸಹಪಾಠಿಗಳ ವಿಷಯ ಚರ್ಚೆ ಆಯ್ತು" ಸಾಕು. ಫ್ರೆಂಡ್ ಮನೆ ಜಗಳ, ಆ ಫ್ರೆಂಡ್ ಹೆಸರು, ಅದು ಈ ಫೈಲಿಗೆ ಸೇರಿದ್ದೇ ಅಲ್ಲ. ಆದ್ರೆ ಅಪಾಯದ ವಿಷಯ ಮುಚ್ಚಿಡೋಕಾಗಲ್ಲ, ಲೈಂಗಿಕ ದೌರ್ಜನ್ಯ ಅಂತ ಗೊತ್ತಾದ್ರೆ ಪೋಕ್ಸೋ ಪ್ರಕಾರ ಪೊಲೀಸರಿಗೆ ತಿಳಿಸ್ಲೇಬೇಕು, ಆಗ ಅವಳ ಮಾತು ಅವಳ ಪದಗಳಲ್ಲೇ ದಾಖಲಾಗ್ಬೇಕು. ಯಾವುದು ಗುಟ್ಟಾಗಿರತ್ತೆ, ಯಾವುದು ಇರಲ್ಲ ಅಂತ ಮೊದಲ ಸೆಷನ್‌ನಲ್ಲೇ ಅವಳಿಗೆ ಹೇಳಿರ್ಬೇಕು.

ನಾನು ಇನ್ನೂ ಒಂದು ಮಾಡ್ತೀನಿ. ಸೆಷನ್ ಮುಗಿಯೋಕೆ ಐದು ನಿಮಿಷ ಇರೋವಾಗ ಸಬ್ಜೆಕ್ಟಿವ್ ಭಾಗನ ಮಗುಗೇ ಓದಿ ಹೇಳ್ತೀನಿ. ಎಕ್ಸಾಮ್ ಭಯ ಅಂತ ಅಮ್ಮ ಹೇಳಿದ್ದನ್ನ ಓದಿದಾಗಲೇ ಇಂಥ ಹುಡುಗಿಯರು ಬಾಯ್ಬಿಡೋದು, "ಅಯ್ಯೋ ಎಕ್ಸಾಮ್ ಅಲ್ಲ ಮೇಡಂ, ಬರಿಯೋದ್ ಓಕೆ, ಎದ್ದು ನಿಂತು ಓದೋದೇ ಆಗಲ್ಲ" ಅಂತ. ಮೆಟ್ಟಿಲು ಯಾವುದರಿಂದ ಶುರು ಮಾಡ್ಬೇಕು ಅನ್ನೋದು ಆ ಒಂದು ಮಾತಿಂದ ಬದಲಾಗತ್ತೆ.

ಬರೆಯೋದು ಅವತ್ತೇ, ಆದಷ್ಟು ಮುಂದಿನ ಕ್ಲೈಂಟ್ ಒಳಗೆ ಬರೋ ಮುಂಚೆ. ತಡ ಆದ್ರೆ ತಡವಾಗಿ ಬರೆದದ್ದು ಅಂತ ತಾರೀಖು ಹಾಕಿ. ಕಾಗದದ ಫೈಲಲ್ಲಿ ತಿದ್ದೋದಿದ್ರೆ ಹಳೇ ಸಾಲು ಓದೋಕಾಗೋ ಹಾಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ, ದಿನಾಂಕ ಹಾಕಿ. ವೈಟ್ನರ್ ಬೇಡ.