ಡಾಕ್ಟರೇಟ್ ಮುಗಿದ ಮೇಲೆ ಹಿಂದಿರುಗುವ ದಾರಿಯ ಲೆಕ್ಕ

“ಮೇಡಂ, ನನ್ನ ವೈವಾ ಮುಗಿಯಿತು. ಪೋಸ್ಟ್‌ಡಾಕ್ ಮಾಡಿ ಯೂನಿವರ್ಸಿಟಿ ಕಡೆ ಹೋಗಲೋ, ಕಂಪೆನಿಗೆ ಸೇರಲೋ? ಒಮ್ಮೆ ಕಂಪೆನಿಗೆ ಹೋದರೆ ಮತ್ತೆ ವಾಪಸ್ ಬರಲಿಕ್ಕೆ ಆಗುವುದಿಲ್ಲವಂತೆ, ಹೌದಾ?”

ಬರಬಹುದು. ಆದರೆ ಆ ದಾರಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಎಷ್ಟು ಕಿರಿದಾಗುತ್ತದೆ ಎಂಬುದನ್ನು ಅಂದಾಜಿನಲ್ಲಿ ಹೇಳುವುದಕ್ಕಿಂತ ನಿಯಮವನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕುವುದು ಒಳ್ಳೆಯದು. ನನ್ನನ್ನು ಕೇಳುವವರಲ್ಲಿ ಹೆಚ್ಚಿನವರು ಕೊಣಾಜೆ, ಸುರತ್ಕಲ್ ಅಥವಾ ಮಣಿಪಾಲದಲ್ಲಿ ಸಾವಯವ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮುಗಿಸಿದವರು. ಆದ್ದರಿಂದ ಉದಾಹರಣೆಗಳನ್ನು ಆ ವಿಷಯದಿಂದಲೇ ಕೊಡುತ್ತೇನೆ. ನೇಮಕಾತಿ ನಿಯಮದ ಮಾತು ಬೇರೆ ವಿಷಯದವರಿಗೂ ಬಹುಮಟ್ಟಿಗೆ ಅನ್ವಯಿಸುತ್ತದೆ.

ವಿಶ್ವವಿದ್ಯಾನಿಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಬಂದ ಅರ್ಜಿಗಳಲ್ಲಿ ಸಂದರ್ಶನಕ್ಕೆ ಯಾರನ್ನು ಕರೆಯಬೇಕೆಂದು ನಿರ್ಧರಿಸಲು ಯುಜಿಸಿಯ 2018ರ ನಿಯಮಾವಳಿಯಲ್ಲಿ ಒಂದು ಅಂಕಪಟ್ಟಿ ಇದೆ. ಅದರಲ್ಲಿ ಪದವಿಗೆ ಗರಿಷ್ಠ 15, ಸ್ನಾತಕೋತ್ತರಕ್ಕೆ 25, ಪಿಎಚ್‌ಡಿಗೆ 30 ಅಂಕಗಳಿವೆ. ನೆಟ್ ಜೊತೆಗೆ ಜೆಆರ್‌ಎಫ್ ಇದ್ದರೆ 7, ಬರೀ ನೆಟ್ ಇದ್ದರೆ 5, ಸೆಟ್ ಇದ್ದರೆ 3. ಪ್ರಕಟವಾದ ಪ್ರತಿ ಸಂಶೋಧನಾ ಲೇಖನಕ್ಕೆ 2 ಅಂಕದಂತೆ ಗರಿಷ್ಠ 10. ಬೋಧನೆ ಅಥವಾ ಪೋಸ್ಟ್‌ಡಾಕ್ಟರಲ್ ಅನುಭವದ ಪ್ರತಿ ವರ್ಷಕ್ಕೂ 2 ಅಂಕದಂತೆ ಗರಿಷ್ಠ 10. ಪ್ರಶಸ್ತಿಗಳಿಗೆ ಮೂರರ ತನಕ. ಕಂಪೆನಿಯಲ್ಲಿ ದುಡಿದ ವರ್ಷಕ್ಕೆ ಈ ಪಟ್ಟಿಯಲ್ಲಿ ಸಾಲೇ ಇಲ್ಲ. ‘ವಾಪಸ್ ಬರಲಿಕ್ಕೆ ಆಗುವುದಿಲ್ಲ’ ಎಂಬ ಮಾತಿನ ಬೇರು ಇಲ್ಲಿದೆ ಎಂದು ನನಗೆ ತೋರುತ್ತದೆ.

ಈಗ ಒಬ್ಬ ಅಭ್ಯರ್ಥಿಯ ಲೆಕ್ಕವನ್ನು ಮಾಡಿ ನೋಡೋಣ. ಬಿಎಸ್ಸಿಯಲ್ಲಿ ಶೇ. 78, ಎಂಎಸ್ಸಿಯಲ್ಲಿ ಶೇ. 74, ಪಿಎಚ್‌ಡಿ, ಕೆಸೆಟ್, ಪ್ರಕಟವಾದ ಮೂರು ಲೇಖನಗಳು. ಮಹಾಪ್ರಬಂಧದ ಕೊನೆಯ ಎರಡು ಅಧ್ಯಾಯಗಳಿಂದ ಇನ್ನೆರಡು ಲೇಖನಗಳನ್ನು ಬರೆಯಬಹುದು, ಆದರೆ ಇನ್ನೂ ಬರೆದಿಲ್ಲ. ನಮ್ಮ ಕಡೆಯ ಹೆಚ್ಚಿನ ಅಭ್ಯರ್ಥಿಗಳ ಸ್ಥಿತಿ ಸುಮಾರು ಇದೇ. ಪಟ್ಟಿಯ ಪ್ರಕಾರ 13, 23, 30, 3 ಮತ್ತು 6 ಸೇರಿ ಇವತ್ತಿಗೆ 75 ಅಂಕ. ಇವರು ಎರಡು ವರ್ಷ ಪೋಸ್ಟ್‌ಡಾಕ್ ಮಾಡಿ, ಅಷ್ಟರಲ್ಲಿ ಎರಡು ಲೇಖನಗಳನ್ನು ಪ್ರಕಟಿಸಿದರೆ ಅನುಭವಕ್ಕೆ ನಾಲ್ಕು, ಲೇಖನಗಳಿಗೆ ನಾಲ್ಕು ಸೇರಿ 83 ಆಗುತ್ತದೆ. ಕಂಪೆನಿಗೆ ಸೇರಿ, ಬಾಕಿ ಲೇಖನಗಳನ್ನು ಹಾಗೆಯೇ ಬಿಟ್ಟರೆ ಎರಡು ವರ್ಷದ ನಂತರವೂ 75ರಲ್ಲೇ ಇರುತ್ತಾರೆ. ಆದರೆ ಕಂಪೆನಿಗೆ ಸೇರಿಯೂ ಆ ಎರಡು ಅಧ್ಯಾಯಗಳನ್ನು ಪ್ರಕಟಿಸಿದರೆ 79. ಎಂದರೆ ಎಂಟು ಅಂಕಗಳ ಅಂತರದಲ್ಲಿ ಅರ್ಧಕ್ಕೆ ಕಾರಣ ಕಂಪೆನಿ ಅಲ್ಲ, ಬರೆಯದೇ ಉಳಿದ ಅಧ್ಯಾಯಗಳು. ಲೇಖನಗಳ ಅಂಕ ಹತ್ತಕ್ಕೆ ನಿಲ್ಲುವುದರಿಂದ, ಐದು ಲೇಖನಗಳಾದ ಮೇಲೆ ಈ ಪಟ್ಟಿಯ ಮಟ್ಟಿಗೆ ಉಳಿಯುವ ನಷ್ಟ ಅನುಭವದ ಸಾಲಿನದು ಮಾತ್ರ. ಅದೂ ಹತ್ತು ಅಂಕ ಮೀರುವುದಿಲ್ಲ.

ಎರಡು ಮಾತು ಸೇರಿಸಬೇಕು. 2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡು ನಿಯಮಾವಳಿಯಲ್ಲಿ ಈ ಪದ್ಧತಿಯನ್ನು ಬದಲಿಸುವ ಪ್ರಸ್ತಾಪವಿದೆ. ಆದ್ದರಿಂದ ಅರ್ಜಿ ಹಾಕುವ ದಿನ ನೇಮಕಾತಿ ಪ್ರಕಟಣೆಯಲ್ಲಿ ಯಾವ ನಿಯಮವನ್ನು ಉಲ್ಲೇಖಿಸಿದ್ದಾರೆ ಎಂಬುದನ್ನು ಓದಲೇಬೇಕು. ಇನ್ನು ಸುರತ್ಕಲ್‌ನ ಎನ್‌ಐಟಿಕೆಯಂಥ ಸಂಸ್ಥೆಗಳಿಗೆ ಬೇರೆಯೇ ನಿಯಮಗಳಿದ್ದು, ಅಲ್ಲಿ ಸಂಶೋಧನಾ ಪ್ರಯೋಗಾಲಯದ ಮತ್ತು ಸಂಬಂಧಿತ ಉದ್ಯಮದ ಅನುಭವವನ್ನೂ ಪರಿಗಣಿಸಲು ಅವಕಾಶವಿದೆ.

ಅಂಕಪಟ್ಟಿ ಸಂದರ್ಶನದ ಕೋಣೆಯ ತನಕ ಮಾತ್ರ ಕರೆದುಕೊಂಡು ಹೋಗುತ್ತದೆ. ಆಯ್ಕೆ ನಡೆಯುವುದು ಒಳಗೆ. ಅಲ್ಲಿ ಸಮಿತಿ ಕೇಳುವ ಪ್ರಶ್ನೆಗಳು ಬೇರೆ: ಕಳೆದ ಎರಡು-ಮೂರು ವರ್ಷಗಳಲ್ಲಿ ಏನು ಪ್ರಕಟಿಸಿದ್ದೀರಿ, ನಿಮ್ಮ ಗೈಡ್ ಅವರ ಹೆಸರಿಲ್ಲದೆ ಏನು ಮಾಡಿದ್ದೀರಿ, ಮುಂದಿನ ಯೋಜನೆಗೆ ಅನುದಾನ ಯಾವ ಆಧಾರದ ಮೇಲೆ ಕೇಳುತ್ತೀರಿ. ಕಂಪೆನಿಯ ಕೆಲಸ ಗೋಪ್ಯವಾದುದರಿಂದ ಅಲ್ಲಿಂದ ಬಂದವರು ಈ ಮೂರಕ್ಕೂ ಉತ್ತರಿಸಲು ಕಷ್ಟಪಡುತ್ತಾರೆ. ಎರಡು-ಮೂರು ವರ್ಷದ ಅಂತರವನ್ನು ಸಮಿತಿ ಸಹಿಸಿಕೊಳ್ಳುತ್ತದೆ, ಏಕೆಂದರೆ ಮಹಾಪ್ರಬಂಧದ ಲೇಖನಗಳು ಆಗ ಇನ್ನೂ ಹೊಸವು. ಐದಾರು ವರ್ಷ ಕಳೆದರೆ ಸಂಶೋಧಕರಾಗಿ ಮರಳುವುದು ಬಹಳ ಕಷ್ಟ. ಅದಾದ ಮೇಲೆ ಶಿಕ್ಷಣ ಕ್ಷೇತ್ರಕ್ಕೆ ಬರುವವರಿಗೆ 2022ರಲ್ಲಿ ಯುಜಿಸಿ ತಂದ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ದಾರಿ ಇದೆಯಾದರೂ ಅದಕ್ಕೆ ಕನಿಷ್ಠ 15 ವರ್ಷಗಳ ಅನುಭವ ಬೇಕು ಮತ್ತು ಅದು ಗರಿಷ್ಠ ನಾಲ್ಕು ವರ್ಷಗಳ ತಾತ್ಕಾಲಿಕ ಹುದ್ದೆ.

ಇನ್ನೊಂದು ಕಡೆ ಪೋಸ್ಟ್‌ಡಾಕ್‌ಗೂ ಗಡುವು ಇದೆ. ಜರ್ಮನಿಯ ಹಂಬೋಲ್ಟ್ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ಗೆ ಪಿಎಚ್‌ಡಿ ಮುಗಿದು ನಾಲ್ಕು ವರ್ಷಗಳ ಒಳಗೆ ಅರ್ಜಿ ಹಾಕಬೇಕು. ನಮ್ಮ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ಗೆ ವಯೋಮಿತಿ 35, ಮಹಿಳೆಯರಿಗೂ ಮೀಸಲು ವರ್ಗದವರಿಗೂ ಐದು ವರ್ಷಗಳ ಸಡಿಲಿಕೆ ಇದೆ. ಕಂಪೆನಿಗಳು ಮಾತ್ರ ಒಂದು ಒಳ್ಳೆಯ ಪೋಸ್ಟ್‌ಡಾಕ್ ಮುಗಿಸಿ ಬಂದವರನ್ನೂ ತೆಗೆದುಕೊಳ್ಳುತ್ತವೆ. ಪೋಸ್ಟ್‌ಡಾಕ್‌ನಿಂದ ಕಂಪೆನಿಗೆ ಹೋಗುವುದು ಸುಲಭ, ಕಂಪೆನಿಯಿಂದ ಪೋಸ್ಟ್‌ಡಾಕ್‌ಗೆ ಬರುವುದು ಕಷ್ಟ. ಆದ್ದರಿಂದ ನಿಮ್ಮ ಕೈಯಲ್ಲಿ ಹೊಸ ವಿಧಾನವನ್ನು ಕಲಿಸುವ, ನಿಮ್ಮ ಗೈಡ್ ಅವರದ್ದಲ್ಲದ ಪ್ರಯೋಗಾಲಯದ ಕರೆ ನಿಜವಾಗಿಯೂ ಇದ್ದರೆ ಮೊದಲು ಅಲ್ಲಿಗೆ ಹೋಗಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಪಿಎಚ್‌ಡಿ ಮಾಡಿದ ಬೆಂಚಿನಲ್ಲೇ ಅದೇ ಅಣುಗಳ ಮೇಲೆ ರಿಸರ್ಚ್ ಅಸೋಸಿಯೇಟ್ ಆಗಿ ಮುಂದುವರಿಯುವುದನ್ನು ನಾನು ಆ ಸಾಲಿಗೆ ಸೇರಿಸುವುದಿಲ್ಲ. ಕೇಂದ್ರ ಸರ್ಕಾರದ ಯೋಜನೆಗಳಲ್ಲಿ 2023ರ ದರದಂತೆ ಮೊದಲ ಹಂತದ ಅಸೋಸಿಯೇಟ್‌ಗೆ ತಿಂಗಳಿಗೆ ₹58,000 ಮತ್ತು ಮನೆ ಬಾಡಿಗೆ ಭತ್ಯೆ ಸಿಗುತ್ತದೆ ನಿಜ, ಆದರೆ ಯೋಜನೆ ಮುಗಿದ ದಿನ ಅದೂ ಮುಗಿಯುತ್ತದೆ, ಮತ್ತು ‘ನಿಮ್ಮದೇ ಆದ ಕೆಲಸ ಯಾವುದು’ ಎಂಬ ಪ್ರಶ್ನೆಗೆ ಅದರಿಂದ ಉತ್ತರ ಸಿಗುವುದಿಲ್ಲ.

ಅಂಥ ಕರೆ ಇಲ್ಲದವರು ನಮ್ಮ ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಮಾಡುವುದು, ಯಾವುದಾದರೂ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿ ಸೇರಿ ಕಾಯಂ ಹುದ್ದೆಯ ಪ್ರಕಟಣೆಗಾಗಿ ಕಾಯುವುದು. ಊರಿನಲ್ಲೇ ಇರಬಹುದು, ಮನೆಯವರಿಗೂ ಸಮಾಧಾನ ಎಂಬ ಕಾರಣ ನನಗೆ ಅರ್ಥವಾಗುತ್ತದೆ. ಆದರೆ ಈ ಕಾಯುವಿಕೆಯ ಬಗ್ಗೆ ನನಗೆ ನಿಜವಾದ ಆತಂಕವಿದೆ. ಯುಜಿಸಿ ನಿಯಮದಂತೆ ತಾತ್ಕಾಲಿಕ ಸೇವೆಯು ಮುಂದೆ ಸಹ ಪ್ರಾಧ್ಯಾಪಕ ಹುದ್ದೆಗೆ ಲೆಕ್ಕಕ್ಕೆ ಬರಬೇಕಾದರೆ, ಬೇರೆ ಷರತ್ತುಗಳ ಜೊತೆಗೆ, ಆ ಅವಧಿಯಲ್ಲಿ ಪಡೆದ ಒಟ್ಟು ವೇತನ ಕಾಯಂ ಸಹಾಯಕ ಪ್ರಾಧ್ಯಾಪಕರ ವೇತನಕ್ಕಿಂತ ಕಡಿಮೆ ಇರಬಾರದು. ಕಾಯಂ ಹುದ್ದೆಯ ಮೂಲ ವೇತನವೇ ₹57,700ರಿಂದ ಆರಂಭವಾಗುವಾಗ ಅತಿಥಿ ಉಪನ್ಯಾಸಕರ ಗೌರವಧನ ಈ ಷರತ್ತನ್ನು ಪೂರೈಸುವುದು ಅಪರೂಪ. ವಾರಪೂರ್ತಿ ಪಾಠ ಮಾಡಿ, ಉತ್ತರಪತ್ರಿಕೆ ತಿದ್ದಿ, ಪ್ರಯೋಗಕ್ಕೆ ಫ್ಯೂಮ್ ಹುಡ್ ಕೂಡ ಇಲ್ಲದ ಕಡೆ ಸಂಶೋಧನೆ ನಿಲ್ಲುತ್ತದೆ. ಹೀಗೆ ಕಾಯುವುದಕ್ಕಿಂತ ಎರಡು-ಮೂರು ವರ್ಷ ಒಳ್ಳೆಯ ಕಂಪೆನಿಯ ಸಂಶೋಧನಾ ವಿಭಾಗದಲ್ಲಿ ದುಡಿಯುವುದು ಎಷ್ಟೋ ಮೇಲು.

‘ಸಂಶೋಧನಾ ವಿಭಾಗ’ ಎಂಬ ಮಾತನ್ನು ಒತ್ತಿ ಹೇಳಬೇಕು. ‘ರಿಸರ್ಚ್ ಸೈಂಟಿಸ್ಟ್’ ಎಂದು ನೇಮಕಾತಿ ಪತ್ರದಲ್ಲಿ ಬರೆದಿದ್ದರೂ ಕೆಲಸ ಗುಣಮಟ್ಟ ಪರೀಕ್ಷೆಯದ್ದೋ ಉತ್ಪಾದನಾ ಘಟಕದ ಪಾಳಿಯದ್ದೋ ಆಗಿರಬಹುದು. ಬೈಕಂಪಾಡಿಯಲ್ಲಿರಲಿ, ಮಂಗಳೂರಿನ ವಿಶೇಷ ಆರ್ಥಿಕ ವಲಯದಲ್ಲಿರಲಿ, ಬೆಂಗಳೂರು-ಹೈದರಾಬಾದುಗಳಲ್ಲಿರಲಿ, ಸಂದರ್ಶನದಲ್ಲಿ ನೀವೇ ಕೇಳಬೇಕಾದ ಪ್ರಶ್ನೆಗಳಿವೆ. ನನ್ನ ತಂಡ ಗ್ರಾಂ ಮಟ್ಟದಲ್ಲಿ ಕೆಲಸ ಮಾಡುತ್ತದೆಯೇ, ಕಿಲೋ ಮಟ್ಟದಲ್ಲೇ? ಸಂಶ್ಲೇಷಣೆಯ ದಾರಿಯನ್ನು ನಾವು ಆರಿಸುತ್ತೇವೆಯೇ, ಗ್ರಾಹಕರು ಕೊಟ್ಟದ್ದನ್ನು ಮಾಡಿಕೊಡುತ್ತೇವೆಯೇ? ಪೇಟೆಂಟಿನಲ್ಲಿ ನನ್ನ ಹೆಸರು ಬರುವ ಸಾಧ್ಯತೆ ಇದೆಯೇ? ಒಪ್ಪಂದದ ಮೇಲೆ ಸಂಶೋಧನೆ ನಡೆಸಿಕೊಡುವ ಕಂಪೆನಿಗಳಲ್ಲಿ ಅಣು ಗ್ರಾಹಕರದ್ದು. ಅಲ್ಲಿ ಕೈ ಚೆನ್ನಾಗಿ ಪಳಗುತ್ತದೆ, ಹೆಸರು ಹೊರಗೆ ಬರುವುದು ಕಡಿಮೆ.

ಪ್ರೊಸೆಸ್ ವಿಭಾಗ ಸಿಕ್ಕಿದರೆ ಅದು ಪಿಎಚ್‌ಡಿಯಲ್ಲಿ ಯಾರೂ ಕಲಿಸದ ರಸಾಯನಶಾಸ್ತ್ರ. ಸಿಲಿಕಾ ಕಾಲಂ ಹಾಕಿ 50 ಮಿಲಿಗ್ರಾಂ ಶುದ್ಧ ವಸ್ತು ತೆಗೆದು ಎನ್‌ಎಂಆರ್ ಕೊಟ್ಟರೆ ಪ್ರಬಂಧದ ಮಟ್ಟಿಗೆ ಆ ಹಂತ ಮುಗಿಯಿತು. ಅದನ್ನೇ ಐವತ್ತು ಕಿಲೋ ಮಾಡಬೇಕಾದಾಗ ಕಾಲಂ ಬಿಟ್ಟು ಹರಳುಗಟ್ಟಿಸುವ ದಾರಿ ಹುಡುಕಬೇಕು, ಮೈನಸ್ 78 ಡಿಗ್ರಿಯ ಹಂತವನ್ನು ಸಾಧ್ಯವಾದರೆ ತಪ್ಪಿಸಬೇಕು, ಬಿಡುಗಡೆಯಾಗುವ ಶಾಖವನ್ನು ಮೊದಲೇ ಅಳೆದಿರಬೇಕು. ಹೊಸ ಔಷಧದಲ್ಲಿ ದಿನದ ಪ್ರಮಾಣ ಎರಡು ಗ್ರಾಂ ಮೀರದಿದ್ದರೆ ಸಾಮಾನ್ಯವಾಗಿ ಶೇ. 0.10ರ ಆಚೆಗಿನ ಪ್ರತಿ ಕಲ್ಮಶದ ರಚನೆಯನ್ನೂ ಗುರುತಿಸಬೇಕಾಗುತ್ತದೆ. ಆ ಕಲ್ಮಶ ಎಲ್ಲಿಂದ ಬಂತೆಂದು ಹುಡುಕುವುದು ಅಪ್ಪಟ ಸಂಶೋಧನೆಯೇ. ಕ್ರಿಯಾವಿಧಾನದ ಬಗ್ಗೆ ಅಷ್ಟು ಆಳವಾಗಿ ಯೋಚಿಸಿದವರು ಮುಂದೆ ತರಗತಿಗೆ ಬಂದರೆ ವಿದ್ಯಾರ್ಥಿಗಳಿಗೆ ಬಹಳ ಲಾಭ. ಇದನ್ನು ಕೀಳಾಗಿ ಕಾಣುವ ಗೈಡ್‌ಗಳ ಮಾತಿಗೆ ಬೆಲೆ ಕೊಡಬೇಡಿ.

ಕಂಪೆನಿ ಎಂದು ತೀರ್ಮಾನಿಸಿದರೆ, ಸೇರುವ ಮೊದಲೇ ಬಾಕಿ ಎರಡು ಲೇಖನಗಳನ್ನು ಜರ್ನಲ್‌ಗೆ ಕಳುಹಿಸಿ. ಸೇರಿದ ಮೇಲೆ ಸಂಜೆ ಬರೆಯುತ್ತೇನೆ ಎಂದವರು ಬರೆಯುವುದು ಕಡಿಮೆ. ಪರಿಷ್ಕರಣೆಗೆ ಇನ್ನೊಂದು ಪ್ರಯೋಗ ಬೇಕೆಂದು ವಿಮರ್ಶಕರು ಕೇಳಿದಾಗ ನಿಮ್ಮ ಸಂಯುಕ್ತಗಳ ಬಾಟಲಿಗಳು ಯಾವ ಕಪಾಟಿನಲ್ಲಿವೆ ಎಂದು ಬಲ್ಲವರು ಪ್ರಯೋಗಾಲಯದಲ್ಲಿ ಇರುವುದಿಲ್ಲ. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕುವಾಗ, ಪಿಎಚ್‌ಡಿ ಅವಧಿಯ ಕೆಲಸದ ಪ್ರಕಟಣೆಗೆ ಅಭ್ಯಂತರವಿಲ್ಲ ಎಂದು ಮಾನವ ಸಂಪನ್ಮೂಲ ವಿಭಾಗದಿಂದ ಒಂದು ಇಮೇಲ್ ಪಡೆದಿಡಿ. ನೆಟ್ ಅಥವಾ ಸೆಟ್ ಇಲ್ಲದವರು, ತಮ್ಮ ಪಿಎಚ್‌ಡಿ ಯುಜಿಸಿಯ ನಿಯಮಾವಳಿಗೆ ಅನುಗುಣವಾಗಿದೆ ಎಂಬ ಪ್ರಮಾಣಪತ್ರವನ್ನು ಪ್ರೊವಿಷನಲ್ ಸರ್ಟಿಫಿಕೇಟ್ ಪಡೆಯುವ ಹೊತ್ತಿಗೇ ವಿಶ್ವವಿದ್ಯಾನಿಲಯದಿಂದ ಬರೆಸಿಕೊಳ್ಳಿ. ಕೊನೆಯ ದಿನಾಂಕಕ್ಕೆ ವಾರ ಇರುವಾಗ ಹೈದರಾಬಾದಿನಿಂದ ರಜೆ ಹಾಕಿ ಕೊಣಾಜೆಗೆ ಬಂದು ಅದನ್ನು ಪಡೆಯುವುದು ಸುಲಭವಲ್ಲ.